ಉದ್ದದ ಓಟದಲ್ಲಿ ಸೊಂಟ ಬಿಗಿಯುವುದು: ಯಾವ ಕಿಲೋಮೀಟರಿನಲ್ಲಿ, ಯಾವ ಬದಿಯಲ್ಲಿ

5 ಕಿಲೋಮೀಟರ್ ಓಡುವಾಗ ಏನೂ ಅನ್ನಿಸದ ಸೊಂಟ, 16 ಕಿಲೋಮೀಟರಿನ ಓಟದಲ್ಲಿ 10 ದಾಟಿದ ಮೇಲೆ ನಿಧಾನವಾಗಿ ಹಿಡಿದುಕೊಳ್ಳುತ್ತದೆ. ಅದನ್ನು ನೋವು ಎನ್ನಲೂ ಬಾರದು. ಬೆನ್ನಿನ ಕೆಳಭಾಗಕ್ಕೆ ಅಗಲವಾದ ಪಟ್ಟಿ ಬಿಗಿದಂತಾಗಿ ಹೆಜ್ಜೆ ಗಿಡ್ಡವಾಗುತ್ತದೆ, ನಿಂತು ಬಗ್ಗಿ ಕಾಲಿನ ಬೆರಳು ಮುಟ್ಟಿದರೆ ಒಂದೆರಡು ನಿಮಿಷ ಹಗುರವಾಗಿ ಮತ್ತೆ ಮರಳುತ್ತದೆ. ಕಾರವಾರದ ಕಡಲತೀರದಲ್ಲಿ ಬೆಳಗಿನ ಹೊತ್ತು ಓಡುವವರಲ್ಲಿ ಈ ದೂರು ನನಗೆ ಪದೇಪದೇ ಕೇಳಿಬರುತ್ತದೆ, ಮತ್ತು ಕೇಳುವವರು ಬಹುಪಾಲು "ಸೊಂಟ ವೀಕ್ ಆಗಿದೆ" ಎಂಬ ತೀರ್ಮಾನದೊಂದಿಗೇ ಬಂದಿರುತ್ತಾರೆ. ಪರೀಕ್ಷಿಸಿ ನೋಡಿದರೆ ಅನೇಕರಲ್ಲಿ ಬೆನ್ನಿನ ಸ್ನಾಯು ಸಾಕಷ್ಟು ಗಟ್ಟಿಯಾಗಿಯೇ ಇರುತ್ತದೆ. ಪಕ್ಕೆಯ ಮತ್ತು ಪೃಷ್ಠದ ಸ್ನಾಯುಗಳು ಬೇಗ ಸೋತು, ಅವುಗಳ ಪಾಲಿನ ಕೆಲಸವೂ ಬೆನ್ನಿನ ಮೇಲೆ ಬಿದ್ದಿರುತ್ತದೆ. ಹಾಗೆಂದು ಎಲ್ಲ ಬಿಗಿತಕ್ಕೂ ಅದೇ ಕಾರಣವಲ್ಲ. ಬಿಗಿತ ಯಾವಾಗ ಬರುತ್ತದೆ, ಯಾವ ಬದಿಗೆ ಬರುತ್ತದೆ, ಯಾವ ರಸ್ತೆಯಲ್ಲಿ ಬರುತ್ತದೆ ಎಂಬುದನ್ನು ನೋಡಿಕೊಂಡು ಕಾರಣವನ್ನು ಹುಡುಕಬೇಕು.

ಈ ಲಕ್ಷಣಗಳಿದ್ದರೆ ಮುಂದಿನದನ್ನು ಓದುತ್ತ ಕೂರಬೇಡಿ

ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಮಲದ ಹಿಡಿತ ತಪ್ಪುವುದು, ಸೈಕಲ್ ಸೀಟಿಗೆ ತಾಗುವ ಜಾಗದಲ್ಲಿ ಮರಗಟ್ಟುವುದು, ಎರಡೂ ಕಾಲುಗಳಲ್ಲಿ ಬಲ ಕುಂದುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲಿನ ಮೇಲೆ ಒತ್ತಡ ಬಿದ್ದಿರಬಹುದು. ಇದಕ್ಕೆ ಗಂಟೆಗಳ ಲೆಕ್ಕದಲ್ಲಿ ಚಿಕಿತ್ಸೆ ಬೇಕು. ನಮ್ಮ ಜಿಲ್ಲೆಯಿಂದ ಇಂಥ ಶಸ್ತ್ರಚಿಕಿತ್ಸೆಗೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಗೋವಾಕ್ಕೋ ಹೋಗಬೇಕಾಗಿ ಬರಬಹುದಾದ್ದರಿಂದ, ದಾರಿಗೆ ಹಿಡಿಯುವ ಹೊತ್ತನ್ನೂ ಸೇರಿಸಿಕೊಂಡು ಯೋಚಿಸಬೇಕು. ಬೆಳಗಾಗಲಿ ಎಂದು ಕಾಯಬಾರದು.

ಅದಕ್ಕಿಂತ ಕಡಿಮೆ ಅವಸರದ, ಆದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಲೇಬೇಕಾದ ಲಕ್ಷಣಗಳು ಇನ್ನೂ ಕೆಲವಿವೆ. ಮೊಣಕಾಲಿನ ಕೆಳಗೂ ಇಳಿಯುವ ನೋವು ಅಥವಾ ಜುಮುಜುಮು, ನಡೆಯುವಾಗ ಪಾದ ಎತ್ತಲಾಗದೆ ನೆಲಕ್ಕೆ ತಟ್ಟುವುದು, ಜ್ವರದ ಜೊತೆಗಿನ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಕಡಿಮೆಯಾಗದ ರಾತ್ರಿಯ ನೋವು, ಬಿದ್ದ ಅಥವಾ ಬೈಕಿನಿಂದ ಜಾರಿದ ಮೇಲೆ ಶುರುವಾದ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಬಂದ ನೋವು, ಇವು ಯಾವುವೂ ವ್ಯಾಯಾಮದಿಂದ ಪರೀಕ್ಷಿಸುವಂಥವಲ್ಲ. ಪಕ್ಕೆಯಿಂದ ತೊಡೆಸಂದಿಗೆ ಅಲೆಅಲೆಯಾಗಿ ಇಳಿಯುವ, ಹೇಗೆ ಮಲಗಿದರೂ ನೆಲೆ ಸಿಗದ ನೋವು ಮೂತ್ರಪಿಂಡದ ಕಲ್ಲಿನದಿರಬಹುದು. ಕರಾವಳಿಯ ಸೆಕೆಯಲ್ಲಿ ಬೆವರು ಹರಿಸಿ, ನೀರು ಕಡಿಮೆ ಕುಡಿದು ಓಡುವವರು ಇದನ್ನು ಮರೆಯಬಾರದು.

ನೋವಿನ ಮಾತ್ರೆಯ ಬಗ್ಗೆಯೂ ಇಲ್ಲಿಯೇ ಹೇಳಿಬಿಡುತ್ತೇನೆ. ಭಾನುವಾರದ ಉದ್ದದ ಓಟಕ್ಕೆ ಮುಂಚೆ ಐಬುಪ್ರೊಫೇನ್ ಅಥವಾ ಡೈಕ್ಲೋಫಿನಾಕ್ ನುಂಗಿ ಹೊರಡುವ ಅಭ್ಯಾಸ ಕೆಲವರಲ್ಲಿದೆ. ದೇಹದಲ್ಲಿ ನೀರಿನಂಶ ಕಡಿಮೆಯಾದಾಗ ಈ ಗುಂಪಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು; ಜೊತೆಗೆ, ನಿಮಗೆ ಬೇಕಾದ ಸುಳಿವನ್ನೇ ಅವು ಅಡಗಿಸಿಬಿಡುತ್ತವೆ.

ಮೊದಲ 2 ಕಿಲೋಮೀಟರ್ ಬಿಗಿ, ಆಮೇಲೆ ಸಡಿಲ

ಇದು ಎಲ್ಲಕ್ಕಿಂತ ಹಗುರವಾದ ಬಗೆ, ಸರಿಪಡಿಸಲು ಕಾಸೂ ಬೇಡ. ರಾತ್ರಿ ಮಲಗಿದಾಗ ಬೆನ್ನೆಲುಬಿನ ನಡುವಿನ ಡಿಸ್ಕುಗಳು ನೀರು ಹೀರಿಕೊಂಡು ಸ್ವಲ್ಪ ಉಬ್ಬಿರುತ್ತವೆ. ಎದ್ದ ಮೊದಲ ಗಂಟೆಯಲ್ಲಿ ಬೆನ್ನು ಬಾಗಿಸಿದರೆ ಅವುಗಳ ಮೇಲೆ ಬೀಳುವ ಒತ್ತಡ ಹಗಲಿನದಕ್ಕಿಂತ ಹೆಚ್ಚು. ಐದು ಗಂಟೆಗೆ ಎದ್ದು, ಐದೂಕಾಲಿಗೆ ಅಂಗಳದಲ್ಲಿ ನಿಂತು ಕಾಲಿನ ಬೆರಳು ಮುಟ್ಟುವ ವ್ಯಾಯಾಮ ಮಾಡಿ ಓಟಕ್ಕೆ ಇಳಿಯುವುದು ಇದಕ್ಕೆ ತೀರಾ ತಪ್ಪಾದ ಕ್ರಮ. ಅದನ್ನು ಬಿಟ್ಟು 10 ನಿಮಿಷ ಚುರುಕಾಗಿ ನಡೆದು, ಕಾಲನ್ನು ಹಿಂದೆ ಮುಂದೆ ಬೀಸಿ, ನಿಧಾನವಾಗಿ ಓಟ ಆರಂಭಿಸಿ ನೋಡಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣದಿದ್ದರೆ ಹಿಂದಿನ ದಿನದ ಕೆಲಸವನ್ನು ನೋಡಬೇಕು.

ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಸುಲಿಯುವ ತಿಂಗಳುಗಳಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ರಾತ್ರಿ ಹತ್ತರವರೆಗೆ ಕತ್ತಿಯ ಮುಂದೆ ಬಾಗಿ ಕೂತವರ ಬೆನ್ನಿನ ಕಟ್ಟುಗಳು ಹೊತ್ತು ಕಳೆದಂತೆ ಹಿಗ್ಗಿ ಸಡಿಲವಾಗುತ್ತವೆ, ಅವು ತಮ್ಮ ಅಳತೆಗೆ ಮರಳುವುದಕ್ಕೂ ಸಮಯ ಹಿಡಿಯುತ್ತದೆ. ಅಷ್ಟು ಹೊತ್ತು ಸ್ನಾಯುಗಳು ಬಿಗಿದು ಕಾವಲು ಕಾಯುತ್ತವೆ. ಅರ್ಧ ಗಂಟೆಗೊಮ್ಮೆ ಎದ್ದು ನಿಂತು, ಕೈ ಮೇಲೆತ್ತಿ ಎರಡು ನಿಮಿಷ ಓಡಾಡಿದರೆ ಸಾಕಾಗುತ್ತದೆ. ಕಚೇರಿಯ ಕುರ್ಚಿಗೂ ಕಾರವಾರದಿಂದ ಅಂಕೋಲೆಯವರೆಗಿನ ದಿನನಿತ್ಯದ ಬೈಕಿಗೂ ಇದೇ ಮಾತು.

ಒಂದು ಎಚ್ಚರಿಕೆ: 45 ದಾಟದವರಲ್ಲಿ ಮೂರು ತಿಂಗಳಿಗೂ ಮೀರಿ ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಇದ್ದು, ವಿಶ್ರಾಂತಿಯಿಂದ ಹೆಚ್ಚಾಗಿ ಓಡಾಟದಿಂದ ಕಡಿಮೆಯಾಗುತ್ತಿದ್ದರೆ ಅದು ಬೆನ್ನೆಲುಬಿನ ಉರಿಯೂತದ ಸಂಧಿವಾತವಿರಬಹುದು. ಅದನ್ನು ಸಂಧಿವಾತದ ವೈದ್ಯರು ನೋಡಬೇಕು.

ಒಂದು ಗಂಟೆಯ ಮೇಲೆ, ಎರಡೂ ಬದಿಗೆ, ಪಟ್ಟಿಯಂತೆ

ಉದ್ದದ ಓಟದ ನಿಜವಾದ ದೂರು ಇದು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ಸಹಜವಾಗಿ ಓಡುವಾಗ ಬೆನ್ನಿನ ಉದ್ದಸ್ನಾಯುಗಳು ಎಡೆಬಿಡದೆ ಬಿಗಿದಿರುವುದಿಲ್ಲ. ಪಾದ ನೆಲಕ್ಕೆ ಬೀಳುವ ಹೊತ್ತಿಗೆ ಬಿಗಿದು, ನಡುವೆ ಸಡಿಲಗೊಂಡು, ಇನ್ನೊಂದು ಪಾದ ಬೀಳುವಾಗ ಮತ್ತೆ ಬಿಗಿಯುತ್ತವೆ; ಆ ಸಣ್ಣ ಬಿಡುವಿನಲ್ಲಿಯೇ ರಕ್ತ ಹರಿದುಬಂದು ಸ್ನಾಯು ಸುಧಾರಿಸಿಕೊಳ್ಳುತ್ತದೆ. ಪೃಷ್ಠದ ಮತ್ತು ಪಕ್ಕೆಯ ಸ್ನಾಯುಗಳು ಸೋತಾಗ ಕಿಬ್ಬೊಟ್ಟೆ ಮುಂದಕ್ಕೆ ಜೋತು ನಡು ಒಳಬಾಗುತ್ತದೆ, ಇಲ್ಲವೇ ಓಡುವವರು ಸೊಂಟದಿಂದಲೇ ಮುಂದಕ್ಕೆ ಬಾಗುತ್ತಾರೆ. ಎರಡರಲ್ಲಿಯೂ ಬೆನ್ನಿನ ಸ್ನಾಯುವಿಗೆ ಆ ಬಿಡುವು ತಪ್ಪಿಹೋಗುತ್ತದೆ. ಬಿಗಿತವಾಗಿ ಅನುಭವಕ್ಕೆ ಬರುವುದು ಈ ದಣಿವು. ಸ್ನಾಯು ಗಿಡ್ಡವಾಗಿಲ್ಲದ್ದರಿಂದಲೇ ಅದನ್ನು ಎಷ್ಟು ಎಳೆದರೂ ಒಂದೆರಡು ನಿಮಿಷದ ಹಗುರ ಮಾತ್ರ ಸಿಗುತ್ತದೆ.

ಪರೀಕ್ಷೆಗಳನ್ನು ಅಗ್ಗದ್ದರಿಂದ ಶುರುಮಾಡಿ. ಮೊದಲನೆಯದಾಗಿ, ಸೊಂಟಕ್ಕೆ ಕಟ್ಟುವ ಬಾಟಲಿಯ ಬೆಲ್ಟನ್ನೂ ಫೋನಿನ ಚೀಲವನ್ನೂ ಒಂದು ಭಾನುವಾರ ಮನೆಯಲ್ಲಿಟ್ಟು ಓಡಿ; ನೀರನ್ನು ದಾರಿಯ ಅಂಗಡಿಯಲ್ಲಿ ಕುಡಿಯಿರಿ. ಬೆಲ್ಟ್ ಬಿಗಿದಿದ್ದರೆ ಹೊಟ್ಟೆಯಿಂದ ಉಸಿರಾಡುವುದು ಕಷ್ಟವಾಗಿ ಎದೆ ಮೇಲೆದ್ದು ನಡು ಒಳಬಾಗುತ್ತದೆ. ಎರಡನೆಯದಾಗಿ, ವೇಗ ನೋಡಿ. ಉದ್ದದ ಓಟದಲ್ಲಿ ಪೂರ್ಣ ವಾಕ್ಯ ಮಾತಾಡಲು ಆಗದಷ್ಟು ಏದುಸಿರು ಬರುತ್ತಿದ್ದರೆ ಸೊಂಟಕ್ಕೆ ಮುಂಚೆ ವೇಗವನ್ನೇ ಸರಿಪಡಿಸಬೇಕು, ಅದರಲ್ಲೂ ಏಪ್ರಿಲ್ ಮೇ ತಿಂಗಳ ಸೆಕೆಯಲ್ಲಿ.

ಮೂರನೆಯದು ಬಿಗಿತ ಬಂದಾಗ ದಾರಿಯಲ್ಲಿಯೇ ಮಾಡುವ ಪರೀಕ್ಷೆ. ಓಟ ನಿಲ್ಲಿಸಿ ಒಂದು ನಿಮಿಷ ನಡೆಯಿರಿ. ಒಂದು ಕೈಯನ್ನು ಪಕ್ಕೆಲುಬಿನ ಕೆಳತುದಿಯ ಮೇಲಿಟ್ಟು, ಬಾಯಿಂದ ಉಸಿರನ್ನು ಪೂರ್ತಿ ಹೊರಬಿಡಿ; ಕೈಯ ಕೆಳಗೆ ಪಕ್ಕೆಲುಬು ಹೊಕ್ಕುಳಿನ ಕಡೆಗೆ ಇಳಿಯುವುದು ತಿಳಿಯುತ್ತದೆ. ಅದನ್ನು ಅಲ್ಲಿಯೇ ಉಳಿಸಿಕೊಂಡು, ಹೆಜ್ಜೆಗಳನ್ನು ಮೊದಲಿಗಿಂತ ಗಿಡ್ಡ ಮತ್ತು ಚುರುಕಾಗಿಸಿ ಮತ್ತೆ ಓಡಿ. ಎರಡು ಮೂರು ನಿಮಿಷದಲ್ಲಿ ಬಿಗಿತ ಅರ್ಧಕ್ಕಿಳಿದರೆ ದೋಷ ನಿಲುವಿನಲ್ಲಿಯೂ ತಾಳಿಕೆಯಲ್ಲಿಯೂ ಇದೆ, ಮನೆಯಲ್ಲಿಯೇ ಸರಿಪಡಿಸಬಹುದು. ಏನೂ ಬದಲಾಗದಿದ್ದರೆ ಆ ದಿನದ ಓಟ ಅಲ್ಲಿಗೆ ಸಾಕು. ಓಡಿದಷ್ಟೂ ತೀಕ್ಷ್ಣವಾಗುತ್ತ ಒಂದೇ ಬಿಂದುವಿನಲ್ಲಿ ಚುಚ್ಚುತ್ತಿದ್ದರೆ ಅದನ್ನು ಬಿಗಿತದ ಲೆಕ್ಕದಲ್ಲಿ ಹಿಡಿಯಬೇಡಿ.

ನಾಲ್ಕನೆಯದಾಗಿ, ಗೆಳೆಯರೊಬ್ಬರಿಂದ ಪಕ್ಕದಿಂದ ವಿಡಿಯೊ ತೆಗೆಸಿ. ಓಟದ ಮೊದಲ ಕಿಲೋಮೀಟರಿನಲ್ಲಿ ಎಲ್ಲರೂ ಚೆಂದವಾಗಿಯೇ ಓಡುತ್ತಾರಾದ್ದರಿಂದ, ಬಿಗಿತ ಬಂದ ಮೇಲಿನ 20 ಸೆಕೆಂಡ್ ಬೇಕು. ಮೂರು ಸಂಗತಿ ನೋಡಿ: ಮುಂಗಾಲು ದೇಹದಿಂದ ಎಷ್ಟು ಮುಂದೆ ಬೀಳುತ್ತಿದೆ, ಮುಂದಿನ ಬಾಗು ಪಾದದ ಕೀಲಿನಿಂದ ಬಂದಿದೆಯೋ ಸೊಂಟದಿಂದಲೋ, ಚಡ್ಡಿಯ ಪಟ್ಟಿ ಮುಂದಕ್ಕೆ ಓರೆಯಾಗಿದೆಯೇ. ಹೆಜ್ಜೆಗಳನ್ನೂ ಎಣಿಸಿ. ನಿಮಿಷಕ್ಕೆ 180 ಆಗಲೇಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಎತ್ತರ ಮತ್ತು ವೇಗಕ್ಕೆ ತಕ್ಕಂತೆ ಅದು ಬೇರೆಯಾಗುತ್ತದೆ. ಆದರೆ ನಿಮ್ಮದೇ ಮೊದಲ ಕಿಲೋಮೀಟರಿನ ಲೆಕ್ಕಕ್ಕೂ ಹನ್ನೆರಡನೆಯದರ ಲೆಕ್ಕಕ್ಕೂ ದೊಡ್ಡ ಅಂತರವಿದ್ದರೆ ಅದು ದಣಿವಿನ ಗುರುತು.

ಒಂದೇ ಬದಿಗೆ ಬಿಗಿ: ಮೊದಲು ರಸ್ತೆಯನ್ನು ನೋಡಿ

ಮಳೆನೀರು ಹರಿಯಲೆಂದು ಡಾಂಬರು ರಸ್ತೆಯನ್ನು ನಡುವೆ ಎತ್ತರಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ನಮ್ಮಲ್ಲಿ ಎದುರಿನ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ಓಡುವುದು ಸರಿಯಾದ ಕ್ರಮ. ಹಾಗೆ ಓಡುವಾಗ ಬಲಪಾದ ಯಾವಾಗಲೂ ತಗ್ಗಿನಲ್ಲಿರುತ್ತದೆ. ಹಿಂದಿರುಗಿ ಬರುವಾಗಲೂ ನೀವು ನಿಮ್ಮ ಬಲ ಅಂಚಿಗೇ ಬರುವುದರಿಂದ ಆಗಲೂ ಬಲಪಾದವೇ ತಗ್ಗಿನಲ್ಲಿರುತ್ತದೆ. ಹೋಗಿಬರುವ ದಾರಿಯಲ್ಲಿ ಲೆಕ್ಕ ಸರಿಹೋಗುತ್ತದೆ ಎಂದು ಅನೇಕರು ತಿಳಿದಿರುತ್ತಾರೆ, ಹೋಗುವುದಿಲ್ಲ. ಟಾಗೋರ್ ಕಡಲತೀರದ ಮರಳಿನಲ್ಲಿ ಮಾತ್ರ ಅದು ಸರಿಹೋಗುತ್ತದೆ: ಕಾಳಿ ನದಿಯ ಕಡೆಗೆ ಓಡುವಾಗ ಕಡಲು ಎಡಕ್ಕಿದ್ದು ಎಡಪಾದ ತಗ್ಗಿನಲ್ಲಿರುತ್ತದೆ, ತಿರುಗಿ ಬರುವಾಗ ಬಲಪಾದ. ಮರಳು ಇನ್ನೊಂದು ಬಗೆಯಲ್ಲಿ ದಣಿಸುತ್ತದೆ; ಒಣ ಸಡಿಲ ಮರಳಿನಲ್ಲಿ ಪಾದ ಹೂತು ಪೃಷ್ಠದ ಸ್ನಾಯು ಬೇಗ ಸೋಲುತ್ತದೆ. ಇಳಿತದ ಹೊತ್ತಿನಲ್ಲಿ ನೀರು ಬಿಟ್ಟುಹೋದ ಗಟ್ಟಿ, ಸಮತಟ್ಟಾದ ಮರಳನ್ನೇ ಆರಿಸಿಕೊಳ್ಳಿ.

ಪರೀಕ್ಷೆ ಹೀಗೆ: ಎರಡು ಭಾನುವಾರ ಅದೇ ದೂರವನ್ನು ಸಮತಟ್ಟಾದ ಮೈದಾನದಲ್ಲಿ, ಅರ್ಧ ಹೊತ್ತು ಒಂದು ದಿಕ್ಕಿಗೆ, ಅರ್ಧ ಹೊತ್ತು ಇನ್ನೊಂದು ದಿಕ್ಕಿಗೆ ಓಡಿ. ಕಾರವಾರದವರಿಗೆ ಮಾಲಾದೇವಿ ಮೈದಾನವಿದೆ. ಸುತ್ತಿ ಸುತ್ತಿ ಬೇಸರವಾಗುತ್ತದೆ, ನಿಜ. ಆದರೆ ಅಲ್ಲಿ ಒಂದು ಬದಿಯ ಬಿಗಿತ ಮಾಯವಾದರೆ ಅಥವಾ ಎರಡೂ ಬದಿಗೆ ಹರಡಿದರೆ ರಸ್ತೆಯ ಓರೆ ಕಾರಣವೆಂದು ತಿಳಿಯಿತು. ಪರೀಕ್ಷೆಯ ಹೆಸರಿನಲ್ಲಿ ಹೆದ್ದಾರಿಯ ಎಡ ಅಂಚಿಗೆ ಹೋಗಿ ವಾಹನಗಳಿಗೆ ಬೆನ್ನು ಹಾಕಿ ಓಡಬೇಡಿ.

ಯಾವ ಕೈಯಲ್ಲಿ ಬಾಟಲಿ ಹಿಡಿಯುತ್ತೀರಿ ಎಂಬುದನ್ನೂ, ಶೂವಿನ ಹಿಮ್ಮಡಿ ಯಾವ ಪಾದದಲ್ಲಿ ಹೆಚ್ಚು ಸವೆದಿದೆ ಎಂಬುದನ್ನೂ ನೋಡಿಕೊಳ್ಳಿ. ಕಾಲಿನ ಉದ್ದದಲ್ಲಿ ವ್ಯತ್ಯಾಸವಿದೆ ಎಂಬ ಅನುಮಾನಕ್ಕೆ ನೀವೇ ಹಿಮ್ಮಡಿಗೆ ಪ್ಯಾಡ್ ಹಾಕಿಕೊಳ್ಳುವುದು ಬೇಡ; ಸಣ್ಣ ವ್ಯತ್ಯಾಸ ಬಹಳ ಜನರಲ್ಲಿ ಇರುತ್ತದೆ ಮತ್ತು ತೊಂದರೆ ಕೊಡುವುದಿಲ್ಲ.

ಒಂದು ಬದಿಯ ಪೃಷ್ಠದ ಮೇಲ್ಭಾಗದಲ್ಲಿ ಆಳವಾದ ನೋವಿದ್ದು, ಆ ಒಂದೇ ಕಾಲಿನ ಮೇಲೆ ಕುಪ್ಪಳಿಸಿದಾಗ ಹೆಚ್ಚಾಗಿ, ಓಟದ ದೂರವನ್ನು ಇತ್ತೀಚೆಗೆ ಏರಿಸಿದ್ದರೆ ಕಥೆಯೇ ಬೇರೆ. ಅದು ಬೆನ್ನೆಲುಬಿನ ಬುಡದ ಮೂಳೆಯಾದ ತ್ರಿಕಾಸ್ಥಿಯ ಒತ್ತಡದ ಬಿರುಕು ಇರಬಹುದು, ಅದರಲ್ಲೂ ಮುಟ್ಟು ತಪ್ಪುತ್ತಿರುವ ಅಥವಾ ಊಟ ಕಡಿಮೆ ಮಾಡಿ ಓಡುತ್ತಿರುವ ಮಹಿಳೆಯರಲ್ಲಿ. ಸಾದಾ ಎಕ್ಸ್-ರೇಯಲ್ಲಿ ಇದು ಅನೇಕ ಬಾರಿ ಕಾಣುವುದಿಲ್ಲ, ಎಂಆರ್‌ಐ ಬೇಕಾಗುತ್ತದೆ. ಅನುಮಾನ ಬಂದ ದಿನದಿಂದಲೇ ಓಟ ನಿಲ್ಲಿಸಿ.

ತಾಳಿಕೆಯ ಅಳತೆ, ಮಂಚದ ಮೇಲೆ

ಮೇಲಿನವುಗಳಿಂದ ಉತ್ತರ ಸಿಗದಿದ್ದರೆ ಗಡಿಯಾರ ಹಿಡಿಯಬೇಕು. ನೋವಿಲ್ಲದ ದಿನ, ಓಟಕ್ಕೆ ಹೋಗದ ದಿನ ಇದನ್ನು ಮಾಡಿ; ರಕ್ತದೊತ್ತಡ ಹೆಚ್ಚಿರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮಾಡಬಾರದು.

ಒಂದು ಸೈಡ್ ಪ್ಲ್ಯಾಂಕ್, ಅಂದರೆ ಒಂದು ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಪಾದಗಳ ಮೇಲೆ ಸೊಂಟವನ್ನು ನೆಲದಿಂದ ಎತ್ತಿ ಹಿಡಿಯುವುದು. ಮೊಣಕೈ ಭುಜದ ನೇರ ಕೆಳಗೆ, ಕಾಲುಗಳು ನೀಳ, ಮೇಲಿನ ಪಾದ ಕೆಳಗಿನದರ ಮುಂದೆ. ಸೊಂಟ ನೆಲದ ಕಡೆಗೆ ಇಳಿಯಲು ಶುರುವಾದ ಕ್ಷಣಕ್ಕೆ ಗಡಿಯಾರ ನಿಲ್ಲಿಸಿ. ಎರಡು ಬದಿಗೂ ಬೇರೆ ಬೇರೆ ಬರೆದುಕೊಳ್ಳಿ. ಇನ್ನೊಂದು ಬೆನ್ನಿನ ಪರೀಕ್ಷೆ. 1984ರಲ್ಲಿ ಡೆನ್ಮಾರ್ಕಿನ ಬೀರಿಂಗ್-ಸೋರೆನ್ಸನ್ ಇದನ್ನು ಪ್ರಕಟಿಸಿದ ಮೇಲೆ ಅವರ ಹೆಸರೇ ಅದಕ್ಕೆ ನಿಂತಿದೆ. ಮಂಚದ ಮೇಲೆ ಬೋರಲು ಮಲಗಿ, ಸೊಂಟದ ಮೂಳೆಯ ಮೇಲಿನ ಭಾಗವೆಲ್ಲ ಮಂಚದಿಂದ ಹೊರಗಿರಲಿ. ಮನೆಯವರೊಬ್ಬರು ನಿಮ್ಮ ಮೀನಖಂಡಗಳ ಮೇಲೆ ಕೂರಲಿ, ಎದುರಿಗೊಂದು ಸ್ಟೂಲ್ ಇರಲಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ ದೇಹವನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿಯಿರಿ, ಇಳಿದಾಗ ಸ್ಟೂಲಿಗೆ ಕೈ ಊರಿ.

ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು 1999ರಲ್ಲಿ ಆರೋಗ್ಯವಂತ ಯುವಜನರನ್ನು ಅಳೆದಾಗ ಸೈಡ್ ಪ್ಲ್ಯಾಂಕಿನಲ್ಲಿ ಪುರುಷರು ಸರಾಸರಿ ಒಂದೂವರೆ ನಿಮಿಷ, ಮಹಿಳೆಯರು ಒಂದೂಕಾಲು ನಿಮಿಷದ ಆಸುಪಾಸು ನಿಂತರು. ಬೆನ್ನಿನ ಪರೀಕ್ಷೆಯಲ್ಲಿ ಪುರುಷರು ಎರಡೂವರೆ ನಿಮಿಷದ ಹತ್ತಿರ, ಮಹಿಳೆಯರು ಮೂರು ನಿಮಿಷಕ್ಕೂ ಸ್ವಲ್ಪ ಹೆಚ್ಚು. ಅವರೆಲ್ಲ ಇಪ್ಪತ್ತರ ಹರೆಯದವರು, ಹಾಗಾಗಿ ನಲವತ್ತೈದರವರು ಆ ಅಂಕಿಗೆ ತಲುಪಲಿಲ್ಲವೆಂದು ಕಂಗೆಡಬೇಕಿಲ್ಲ. ನಮಗೆ ಬೇಕಾದದ್ದು ಅನುಪಾತ. ಮೆಕ್‌ಗಿಲ್ ಅವರ ಲೆಕ್ಕದಲ್ಲಿ ಎರಡು ಬದಿಗಳ ನಡುವೆ ನೂರಕ್ಕೆ 5ಕ್ಕಿಂತ ಹೆಚ್ಚು ಅಂತರವಿದ್ದರೆ ಅಸಮತೋಲನ, ಮತ್ತು ಸೈಡ್ ಪ್ಲ್ಯಾಂಕಿನ ಸಮಯ ಬೆನ್ನಿನ ಸಮಯದ ಮುಕ್ಕಾಲು ಭಾಗ ದಾಟಿದರೂ ಅಸಮತೋಲನ. ಮನೆಯಲ್ಲಿ ಅಳೆಯುವಾಗ ನೂರಕ್ಕೆ 5 ಎಂದರೆ ಮೂರು ನಾಲ್ಕು ಸೆಕೆಂಡ್, ಅಷ್ಟು ತಪ್ಪು ಗಡಿಯಾರ ಹಿಡಿದವರಿಂದಲೇ ಆಗುತ್ತದೆ. ಎರಡು ಬೇರೆ ದಿನ ಅಳೆದು, ಎರಡೂ ದಿನ 10 ಸೆಕೆಂಡ್ ಮೀರಿದ ಅಂತರವಿದ್ದರೆ ಮಾತ್ರ ನಾನು ಅದನ್ನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಒಬ್ಬರ ಲೆಕ್ಕ

ಕೋಡಿಬಾಗದ ಕಡೆಯ 38ರ ಶಿಕ್ಷಕಿಯೊಬ್ಬರು ಭಾನುವಾರ 18 ಕಿಲೋಮೀಟರ್ ಓಡುತ್ತಿದ್ದರು. ಕಾಳಿ ಸೇತುವೆ ದಾಟಿ ಸದಾಶಿವಗಡದ ಆಚೆಯವರೆಗೆ ಹೋಗಿ ಅದೇ ರಸ್ತೆಯಲ್ಲಿ ಮರಳುವುದು. 11ನೆಯ ಕಿಲೋಮೀಟರಿಗೆ ಸೊಂಟದ ಬಲಬದಿ ಬಿಗಿಯುತ್ತಿತ್ತು. "ದಿನಾ ನೂರು ಸಿಟ್-ಅಪ್ ಮಾಡ್ತೇನೆ ಸರ್, ಆದರೂ ಸೊಂಟ ಹಿಡೀತದೆ" ಎಂದು ಅವರ ದೂರು. ಕಾಲಿಗೆ ಇಳಿಯುವ ನೋವಿಲ್ಲ, ಜ್ವರವಿಲ್ಲ, ಒಂಟಿಕಾಲಿನಲ್ಲಿ ಕುಪ್ಪಳಿಸಿದರೆ ನೋವಿಲ್ಲ, ರಾತ್ರಿ ಚೆನ್ನಾಗಿ ನಿದ್ರೆ ಬರುತ್ತದೆ.

ದಾರಿಯ ಪರೀಕ್ಷೆಯಲ್ಲಿ ಎರಡೇ ನಿಮಿಷಕ್ಕೆ ಬಿಗಿತ ಅರ್ಧವಾಯಿತು. ಮೈದಾನದಲ್ಲಿ ಓಡಿದಾಗ ಬಿಗಿತ ಬಲಬದಿಯಿಂದ ಎರಡೂ ಬದಿಗೆ ಹರಡಿ, 13ನೆಯ ಕಿಲೋಮೀಟರಿಗೆ ಮುಂದೂಡಿತು. ಅಂದರೆ ರಸ್ತೆಯ ಓರೆಗೆ ಪಾಲಿತ್ತು, ಆದರೆ ಪೂರ್ತಿ ಕಾರಣ ಅದಲ್ಲ. ಮನೆಯ ಅಳತೆಯಲ್ಲಿ ಎಡ ಸೈಡ್ ಪ್ಲ್ಯಾಂಕ್ 52 ಸೆಕೆಂಡ್, ಬಲದ್ದು 31, ಬೆನ್ನು 110. ಎರಡು ದಿನದ ನಂತರ ಅಳೆದಾಗಲೂ ಅಂತರ ಹೆಚ್ಚುಕಡಿಮೆ ಅಷ್ಟೇ. ಬೆನ್ನು 110 ಸೆಕೆಂಡ್ ತಾಳುತ್ತಿರುವಾಗ ಅದನ್ನು ದುರ್ಬಲವೆಂದು ಮೊದಲ ಆರೋಪಿಯಾಗಿ ನಿಲ್ಲಿಸುವುದು ಕಷ್ಟ. ಬಲಪಕ್ಕೆ ಮಾತ್ರ ಬೇಗ ಕೈಬಿಡುತ್ತಿತ್ತು. ವಿಡಿಯೊದಲ್ಲಿ ಮೊದಲ ಕಿಲೋಮೀಟರಿನ ನಿಮಿಷಕ್ಕೆ 166 ಹೆಜ್ಜೆ, 12ನೆಯದರಲ್ಲಿ 158ಕ್ಕೆ ಇಳಿದು, ಪಾದ ದೇಹದಿಂದ ಬಹಳ ಮುಂದೆ ಬೀಳುತ್ತಿರುವುದು ಕಂಡಿತು.

ಸಿಟ್-ಅಪ್ ನಿಲ್ಲಿಸಲು ಹೇಳಿದೆ. ಅದು ಬೆನ್ನನ್ನು ಮತ್ತೆ ಮತ್ತೆ ಬಾಗಿಸುತ್ತದೆ, ಓಟದಲ್ಲಿ ಬೇಕಾದ್ದು ಬೆನ್ನನ್ನು ಅಲುಗಾಡದಂತೆ ಹಿಡಿಯುವ ತಾಳಿಕೆ. ಉದ್ದದ ಓಟವನ್ನು ಬಿಗಿತ ಬರುವುದಕ್ಕೆ ಮುಂಚೆ, 10 ಕಿಲೋಮೀಟರಿಗೆ ಇಳಿಸಿ, ಕೆಳಗಿನ ವ್ಯಾಯಾಮ ಶುರುವಾಯಿತು. ಆರು ವಾರದ ಮೇಲೆ ಬಲ 55, ಎಡ 63. 18 ಕಿಲೋಮೀಟರಿನ ಓಟದಲ್ಲಿ ಬಿಗಿತ 16ರ ಮೇಲೆ ಸಣ್ಣಗೆ ಕಾಣಿಸಿಕೊಳ್ಳುತ್ತಿತ್ತು, ಪೂರ್ತಿ ಹೋಗಿರಲಿಲ್ಲ.

ತಾಳಿಕೆಯ ವ್ಯಾಯಾಮ

ಮೆಕ್‌ಗಿಲ್ ರೂಢಿಗೆ ತಂದ ಮೂರೇ ಸಾಕು, ಎದ್ದ ಮೊದಲ ಗಂಟೆಯನ್ನು ಬಿಟ್ಟು. ಮೊದಲನೆಯದು ಕರ್ಲ್-ಅಪ್: ಅಂಗಾತ ಮಲಗಿ, ಒಂದು ಮೊಣಕಾಲು ಮಡಿಚಿ, ಎರಡೂ ಅಂಗೈಗಳನ್ನು ನಡುವಿನ ಕೆಳಗಿಟ್ಟು, ತಲೆ ಮತ್ತು ಭುಜವನ್ನು ನೆಲದಿಂದ ಸ್ವಲ್ಪವೇ ಎತ್ತುವುದು. ಕೈಗಳ ಮೇಲಿನ ಒತ್ತಡ ಬದಲಾಗಬಾರದು. ಬದಲಾದರೆ ನಡು ಬಾಗುತ್ತಿದೆ ಎಂದರ್ಥ. ಎರಡನೆಯದು ಸೈಡ್ ಪ್ಲ್ಯಾಂಕ್, ಶುರುವಿನಲ್ಲಿ ಮೊಣಕಾಲೂರಿ, ಆಮೇಲೆ ಪಾದದ ಮೇಲೆ. ಮೂರನೆಯದು ಬರ್ಡ್ ಡಾಗ್: ಕೈ ಮೊಣಕಾಲೂರಿ, ಬಲಗೈ ಮತ್ತು ಎಡಗಾಲನ್ನು ಒಟ್ಟಿಗೆ ನೀಳವಾಗಿ ಚಾಚುವುದು, ಆಮೇಲೆ ಅದಲುಬದಲು. ಬೆನ್ನಿನ ಮೇಲೆ ನೀರಿನ ಲೋಟ ಇಟ್ಟರೆ ಚೆಲ್ಲಬಾರದು ಎಂಬ ಹದದಲ್ಲಿ ಮಾಡಿ.

ಪ್ರತಿಯೊಂದನ್ನೂ 10 ಸೆಕೆಂಡ್ ಹಿಡಿದು ಬಿಡಬೇಕು. ಬದಿಗೆ 6 ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ 4, ಮತ್ತೆ 2. ಎರಡು ನಿಮಿಷ ನಡುಗುತ್ತ ಹಿಡಿಯುವುದಕ್ಕಿಂತ ಚಿಕ್ಕ ಹಿಡಿತಗಳನ್ನು ಕೂಡಿಸುವುದೇ ಇಲ್ಲಿನ ತಂತ್ರ, ಏಕೆಂದರೆ ಸೋತ ಸ್ನಾಯುವಿನಿಂದ ಮಾಡಿದ ಕೊನೆಯ ಅರ್ಧ ನಿಮಿಷ ಕೆಟ್ಟ ನಿಲುವನ್ನೇ ಅಭ್ಯಾಸ ಮಾಡಿಸುತ್ತದೆ. ಸೋತ ಬದಿಗೆ ಸೈಡ್ ಪ್ಲ್ಯಾಂಕಿನ ಒಂದು ಸುತ್ತು ಹೆಚ್ಚು ಸೇರಿಸಿ. ವಾರಕ್ಕೆ ಐದು ದಿನ ಸಾಕು, 15 ನಿಮಿಷಕ್ಕಿಂತ ಹೆಚ್ಚು ಹಿಡಿಯದು.

ಮೂರು ವಾರವಾದ ಮೇಲೆ ಬಕೆಟ್ ಸೇರಿಸಬಹುದು. 10 ಲೀಟರ್ ನೀರು ತುಂಬಿದ ಬಕೆಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈ ಖಾಲಿಯಿಟ್ಟು, ಎರಡು ಭುಜ ಸಮನಾಗಿರುವಂತೆ ಅಂಗಳದಲ್ಲಿ 30 ಹೆಜ್ಜೆ ನಡೆಯುವುದು. ಬಕೆಟ್ ಬಲಗೈಯಲ್ಲಿದ್ದರೆ ಎಡಪಕ್ಕೆ ದುಡಿಯುತ್ತದೆ, ಆದ್ದರಿಂದ ಯಾವ ಬದಿ ಸೋತಿದೆಯೋ ಅದಕ್ಕೆ ಎದುರಿನ ಕೈಯಲ್ಲಿ ಹೆಚ್ಚು ಸುತ್ತು ಹಾಕಿ. ಮಳೆಗಾಲದಲ್ಲಿ ಪಾಚಿ ಹಿಡಿದ ಚಿರೆಕಲ್ಲಿನ ಅಂಗಳದಲ್ಲಿ ಇದನ್ನು ಮಾಡಬೇಡಿ, ಜಗಲಿಯ ಮೇಲೆ ಮಾಡಿ.

ಓಡುವಾಗ ನೆನಪಿಡುವ ನಿಲುವು

ಸೂಚನೆಗಳು ಬಹಳವಿವೆ, ಒಂದು ಓಟದಲ್ಲಿ ಒಂದನ್ನು ಮಾತ್ರ ಹಿಡಿಯಿರಿ. ಶುರುಮಾಡಲು ನಾನು ಕೊಡುವುದು ಉಸಿರಿನ ಸೂಚನೆ: 10 ನಿಮಿಷಕ್ಕೊಮ್ಮೆ ಒಂದು ಉಸಿರನ್ನು ಪೂರ್ತಿ ಬಿಟ್ಟು ಪಕ್ಕೆಲುಬನ್ನು ಕೆಳಗಿಳಿಸಿ. ಹೊಟ್ಟೆಯನ್ನು ಒಳಗೆಳೆದು ಗಟ್ಟಿ ಹಿಡಿಯುವ ಅಗತ್ಯವಿಲ್ಲ. ಯಾರೋ ಮೆಲ್ಲಗೆ ತಿವಿಯುತ್ತಾರೆಂದು ತಿಳಿದಾಗ ಹೊಟ್ಟೆ ಎಷ್ಟು ಬಿಗಿಯುತ್ತದೋ ಅಷ್ಟು ಬಿಗಿ ಸಾಕು, ಅದಕ್ಕಿಂತ ಹೆಚ್ಚಾದರೆ ಉಸಿರು ಕಟ್ಟುತ್ತದೆ. ಪೃಷ್ಠವನ್ನು ಒಳಕ್ಕೆ ಒತ್ತಿಕೊಂಡು ಓಡಿ ಎಂಬ ಸಲಹೆಯನ್ನು ನಾನು ಕೊಡುವುದಿಲ್ಲ, ಏಕೆಂದರೆ ಅದರಿಂದ ಕಾಲು ಹಿಂದಕ್ಕೆ ಚಾಚುವುದೇ ಕುಂಠಿತವಾಗುತ್ತದೆ.

ಅದು ರೂಢಿಯಾದ ಮೇಲೆ ಹೆಜ್ಜೆ. ನಿಮ್ಮ ಸಹಜ ಲೆಕ್ಕಕ್ಕೆ ನೂರಕ್ಕೆ 5ರಷ್ಟು ಸೇರಿಸಿ, ಅಂದರೆ 160 ಇದ್ದವರು 168. ವೇಗ ಹೆಚ್ಚಬಾರದು, ಹೆಜ್ಜೆ ಗಿಡ್ಡವಾಗಬೇಕು. ಒಂದೇ ವಾರದಲ್ಲಿ ಹೆಚ್ಚು ಏರಿಸಿದರೆ ಮೀನಖಂಡ ಹಿಡಿದುಕೊಳ್ಳುತ್ತದೆ.

ಘಟ್ಟ ಇಳಿಯುವಾಗ ಮಾತ್ರ

ಕುಮಟಾ ಶಿರಸಿ ದಾರಿಯ ದೇವಿಮನೆ ಘಟ್ಟದಲ್ಲಿ ಓಡುವವರು ಹತ್ತುವಾಗ ಏನೂ ಇಲ್ಲ, ಇಳಿಯುವಾಗ ಹಿಡಿಯುತ್ತದೆ ಎನ್ನುತ್ತಾರೆ. ಇಳಿಜಾರಿನಲ್ಲಿ ಬೀಳುವ ಭಯಕ್ಕೆ ದೇಹ ಹಿಂದಕ್ಕೆ ವಾಲಿ, ಹಿಮ್ಮಡಿ ಮುಂದೆ ಬಿದ್ದು ಬ್ರೇಕಿನ ಕೆಲಸ ಮಾಡುತ್ತದೆ. ಪ್ರತಿ ಹೆಜ್ಜೆಗೂ ಒಳಬಾಗಿದ ನಡುವಿನ ಹಿಂಬದಿಯ ಕೀಲುಗಳು ಒಂದಕ್ಕೊಂದು ಒತ್ತುತ್ತವೆ. ದೇಹವನ್ನು ಇಳಿಜಾರಿಗೆ ಲಂಬವಾಗಿಡಿ, ಹೆಜ್ಜೆ ಗಿಡ್ಡ ಮಾಡಿ, ನೋಟ 10-15 ಮೀಟರ್ ಮುಂದಿರಲಿ. ಇಳಿಯುವ ದೂರವನ್ನು ಹತ್ತುವ ದೂರಕ್ಕಿಂತ ಬಹಳ ನಿಧಾನವಾಗಿ ಹೆಚ್ಚಿಸಬೇಕು. ಹತ್ತಿ ಓಡಿ, ಇಳಿಯಲು ಬಸ್ಸು ಹಿಡಿದರೆ ಯಾವ ಮರ್ಯಾದೆಯೂ ಹೋಗುವುದಿಲ್ಲ. ಆ ತಿರುವುಗಳಲ್ಲಿ ಲಾರಿಗಳ ನಡುವೆ ಓಡುವುದಕ್ಕಿಂತ ಕ್ಷೇಮವೂ ಹೌದು.

ಆರು ವಾರವಾದರೂ ಬಿಗಿತ ಅದೇ ಕಿಲೋಮೀಟರಿಗೆ ಬಂದರೆ

ವ್ಯಾಯಾಮವನ್ನು ಬಿಡದೆ ಮಾಡಿ, ರಸ್ತೆ ಬದಲಿಸಿ, ಹೆಜ್ಜೆ ತಿದ್ದಿಕೊಂಡ ಮೇಲೂ ಬದಲಾವಣೆಯಿಲ್ಲದಿದ್ದರೆ ಫಿಸಿಯೊಥೆರಪಿಸ್ಟ್ ಬಳಿಗೆ ಹೋಗಿ. ತೊಡೆಯ ಮುಂಭಾಗದ ಬಿಗಿತ, ಸೊಂಟದ ಕೀಲಿನ ಚಲನೆ, ತ್ರಿಕಾಸ್ಥಿಯ ಸಂದುಗಳನ್ನು ಅವರು ಕೈಯಿಂದ ಪರೀಕ್ಷಿಸಬೇಕು. ನೇರವಾಗಿ ಎಂಆರ್‌ಐ ಮಾಡಿಸಿಕೊಳ್ಳಲು ಓಡಬೇಡಿ. ನಲವತ್ತು ದಾಟಿದ, ಯಾವ ನೋವೂ ಇಲ್ಲದವರ ಬೆನ್ನಿನಲ್ಲಿಯೂ ಡಿಸ್ಕ್ ಸವೆತ, ಉಬ್ಬು ಕಾಣುವುದು ಸಾಮಾನ್ಯ. ಚಿತ್ರದಲ್ಲಿ ಕಂಡದ್ದೇ ಕಾರಣವೆಂದು ಹಿಡಿದು ಓಟ ಬಿಟ್ಟವರಿದ್ದಾರೆ.

ಇದಕ್ಕೆ ವಿನಾಯಿತಿ ಹದಿಹರೆಯದವರು. ಶಾಲಾ ಕಾಲೇಜಿನ ಕ್ರೀಡಾಕೂಟಕ್ಕೆ ತಯಾರಾಗುತ್ತಿರುವ ಹುಡುಗ ಹುಡುಗಿಯರಿಗೆ ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ನೋವು ಬರುತ್ತಿದ್ದು, ಅದು ಎರಡು ಮೂರು ವಾರಕ್ಕೂ ಕಡಿಮೆಯಾಗದಿದ್ದರೆ, ಬೆಳೆಯುತ್ತಿರುವ ಬೆನ್ನೆಲುಬಿನ ಹಿಂಬದಿಯ ಕಮಾನಿನಲ್ಲಿ ಒತ್ತಡದ ಬಿರುಕು ಆಗಿರಬಹುದು. ಅವರಿಗೆ ಪ್ಲ್ಯಾಂಕ್ ಪರೀಕ್ಷೆ ಬೇಡ, ಆರು ವಾರದ ಕಾಯುವಿಕೆಯೂ ಬೇಡ. ಕೂಟ ಎಷ್ಟೇ ಹತ್ತಿರವಿದ್ದರೂ ಓಟ ನಿಲ್ಲಿಸಿ ಮೂಳೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಬಿರುಕನ್ನು ಶುರುವಿನಲ್ಲಿಯೇ ಗುರುತಿಸಿ ಕೆಲವು ತಿಂಗಳು ವಿಶ್ರಾಂತಿ ಕೊಟ್ಟರೆ ಅದು ಕೂಡಿಕೊಳ್ಳುವ ಸಾಧ್ಯತೆ ಹೆಚ್ಚು.